ಅಡಿಕೆ ಮಾರುವವರಿಗೆ ಗೊತ್ತಿರುವ ಲೆಕ್ಕ: ನಿವೃತ್ತರ ಎಸ್‌ಡಬ್ಲ್ಯೂಪಿ

(ಶಿವಮೊಗ್ಗದಲ್ಲಿ ಹಿರಿಯ ನಾಗರಿಕರಿಗಾಗಿ ನಡೆದ ಒಂದು ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಅಡಿಕೆ ತೋಟ ಇರುವವರು ಎಷ್ಟು ಜನ ಇದ್ದೀರಿ? ಅರ್ಧಕ್ಕಿಂತ ಜಾಸ್ತಿ ಕೈ ಎದ್ದಿವೆ. ಒಳ್ಳೆಯದಾಯಿತು, ನನ್ನ ಕೆಲಸ ಸುಲಭವಾಯಿತು.

ನಿಮಗೆ ತಿಂಗಳ ಖರ್ಚಿಗೆ 10,000 ರೂಪಾಯಿ ಬೇಕು ಅಂದುಕೊಳ್ಳಿ. ಮನೆಯಲ್ಲಿ ಒಣ ಅಡಿಕೆ ಇದೆ. ಕ್ವಿಂಟಾಲ್‌ಗೆ 50,000 ಧಾರಣೆ ಇದ್ದರೆ 20 ಕೆಜಿ ಮಾರಿದರೆ ಸಾಕು. ಧಾರಣೆ 25,000ಕ್ಕೆ ಇಳಿಯಿತು ಅನ್ನಿ. ಖರ್ಚು ಅಷ್ಟೇ ಇದೆ, ಆದರೆ ಈಗ 40 ಕೆಜಿ ಮಾರಬೇಕು. ಮುಂದಿನ ತಿಂಗಳು ಧಾರಣೆ ಮತ್ತೆ 50,000ಕ್ಕೆ ಏರಿದರೂ ಆ ಹೆಚ್ಚಿನ 20 ಕೆಜಿ ವಾಪಸ್ ಬರುವುದಿಲ್ಲ. ಅದು ಮಂಡಿಯವರ ಗೋದಾಮಿಗೆ ಹೋಯಿತು.

ಎಸ್‌ಡಬ್ಲ್ಯೂಪಿ, ಅಂದರೆ ಸಿಸ್ಟಮ್ಯಾಟಿಕ್ ವಿತ್‌ಡ್ರಾವಲ್ ಪ್ಲಾನ್, ಇದೇ. ಮ್ಯೂಚುವಲ್ ಫಂಡ್‌ನಲ್ಲಿ ನಿಮ್ಮ ಹತ್ತಿರ ಇರುವುದು ಯೂನಿಟ್‌ಗಳು. ಯೂನಿಟ್ ಅಂದರೆ ನಿಮ್ಮ ಅಡಿಕೆ. ಎನ್‌ಎವಿ ಅಂದರೆ ಆ ದಿನದ ಧಾರಣೆ. ಪ್ರತಿ ತಿಂಗಳು ಇಂಥ ತಾರೀಕು ಇಷ್ಟು ದುಡ್ಡು ನನ್ನ ಖಾತೆಗೆ ಬರಲಿ ಎಂದು ಬರೆದುಕೊಟ್ಟರೆ, ಫಂಡ್‌ನವರು ಆ ದಿನದ ಎನ್‌ಎವಿಯಲ್ಲಿ ಬೇಕಾದಷ್ಟು ಯೂನಿಟ್ ಮಾರಿ ದುಡ್ಡು ಕಳಿಸುತ್ತಾರೆ. ಇದು ಬಡ್ಡಿ ಅಲ್ಲ, ಪಿಂಚಣಿಯೂ ಅಲ್ಲ. ನಿಮ್ಮದೇ ಮಾಲು ತಿಂಗಳು ತಿಂಗಳು ಮಾರಾಟವಾಗುತ್ತಿದೆ. ಈ ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ತಿಂಗಳು ತಿಂಗಳು ಇಷ್ಟೆಂದು ಫಂಡ್‌ಗೆ ಹಾಕುವ ಎಸ್‌ಐಪಿ ನಿಮ್ಮಲ್ಲಿ ತುಂಬಾ ಜನ ಮಾಡಿದ್ದೀರಿ. ಇಲ್ಲದಿದ್ದರೆ ನಿಮ್ಮ ಮಕ್ಕಳು ಮಾಡುತ್ತಿದ್ದಾರೆ. ಅಲ್ಲಿ ನೀವು ಕೊಳ್ಳುವವರು. ಮೂರು ತಿಂಗಳು ತಲಾ 10,000 ಹಾಕಿದಿರಿ ಅನ್ನೋಣ. ಮೊದಲ ತಿಂಗಳು ಎನ್‌ಎವಿ 100, ಎರಡನೇ ತಿಂಗಳು 50, ಮೂರನೇ ತಿಂಗಳು ಮತ್ತೆ 100. ನಿಮಗೆ ಸಿಕ್ಕಿದ್ದು 100, 200, 100, ಒಟ್ಟು 400 ಯೂನಿಟ್. ಹಾಕಿದ್ದು 30,000. ಕೊನೆಗೆ ಅದರ ಬೆಲೆ 40,000. ಮಾರುಕಟ್ಟೆ ಬಿದ್ದು ಎದ್ದು ಇದ್ದಲ್ಲಿಗೇ ಬಂತು, ನಿಮಗೆ ಮಾತ್ರ 10,000 ಲಾಭ.

ಈಗ ಇದೇ ಮೂರು ತಿಂಗಳಲ್ಲಿ ನಿವೃತ್ತರೊಬ್ಬರು ತಲಾ 10,000 ತೆಗೆದರು ಅನ್ನಿ. ಅವರ 100, 200, 100, ಒಟ್ಟು 400 ಯೂನಿಟ್ ಖಾಲಿಯಾಯಿತು. ಮಾರುಕಟ್ಟೆ ಅಲುಗಾಡದೆ 100ರಲ್ಲೇ ನಿಂತಿದ್ದರೆ 300 ಯೂನಿಟ್‌ನಲ್ಲಿ ಮುಗಿಯುತ್ತಿತ್ತು. 100 ಯೂನಿಟ್ ಸುಮ್ನೆ ಹೋಯಿತು. ಎಸ್‌ಐಪಿ ಮಾಡಿದವನ ಸರಾಸರಿ ಕೊಂಡ ಬೆಲೆ 75, ಇವರ ಸರಾಸರಿ ಮಾರಿದ ಬೆಲೆಯೂ 75. ಒಬ್ಬರಿಗೆ ಅದು ಅಗ್ಗ, ಇನ್ನೊಬ್ಬರಿಗೆ ನಷ್ಟ.

ಎಸ್‌ಐಪಿ ಬಗ್ಗೆ ಹೇಳುವಾಗ ಎಲ್ಲರೂ ಮಾರುಕಟ್ಟೆ ಬಿದ್ದರೆ ಹೆದರಬೇಡಿ, ನೋಡಲೇಬೇಡಿ, ಕಂತು ಕಟ್ಟುತ್ತಾ ಹೋಗಿ ಅನ್ನುತ್ತಾರೆ. ಸರಿಯಾದ ಮಾತು. ಆದರೆ 30 ವರ್ಷ ಆ ಮಾತು ಕೇಳಿ ಬೆಳೆದವರು ನಿವೃತ್ತರಾದ ಮೇಲೆ ಎಸ್‌ಡಬ್ಲ್ಯೂಪಿಗೂ ಅದನ್ನೇ ಹಚ್ಚುತ್ತಾರೆ. ಒಂದೇ ಫಾರಂ, ಒಂದೇ ಆ್ಯಪ್, ಹೆಸರೂ ಹತ್ತಿರ ಹತ್ತಿರ. ಹಾಗಾಗಿ ಒಂದೇ ವಸ್ತುವಿನ ಎರಡು ಮುಖ ಅನ್ನಿಸಿಬಿಡುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಪೆನ್ನು ಇದ್ದವರು ಬರೆದುಕೊಳ್ಳಿ, ಮನೆಗೆ ಹೋಗಿ ಪರೀಕ್ಷೆ ಮಾಡಬಹುದು. ಇಬ್ಬರು ನೆರೆಯವರು. ಇಬ್ಬರ ಹತ್ತಿರವೂ 50 ಲಕ್ಷ. ಇಬ್ಬರೂ ಪ್ರತಿ ವರ್ಷದ ಶುರುವಿನಲ್ಲಿ 3 ಲಕ್ಷ ತೆಗೆಯುತ್ತಾರೆ. ಮೊದಲನೆಯವರು ನಿವೃತ್ತರಾದ ವರ್ಷ ಮಾರುಕಟ್ಟೆ ಶೇ. 30 ಬಿತ್ತು, ಮರುವರ್ಷ ಶೇ. 10 ಏರಿತು, ಮೂರನೇ ವರ್ಷ ಶೇ. 40 ಏರಿತು. ಎರಡನೆಯವರಿಗೆ ಅದೇ ಮೂರು ವರ್ಷ ಹಿಂದುಮುಂದಾಗಿ ಬಂತು. ಮೊದಲು 40ರ ಏರಿಕೆ, ಆಮೇಲೆ 10, ಕೊನೆಗೆ 30ರ ಇಳಿತ.

ಏನೂ ತೆಗೆಯದೆ ಇದ್ದಿದ್ದರೆ ಇಬ್ಬರಿಗೂ ಒಂದೇ ಮೊತ್ತ, 53.9 ಲಕ್ಷ. ಹಿಂದೆ ಮುಂದೆ ಹೇಗೆ ಗುಣಿಸಿದರೂ ಅಷ್ಟೇ ಬರುತ್ತದೆ. ಆದರೆ ಇವರು ಪ್ರತಿ ವರ್ಷ ತೆಗೆದಿದ್ದಾರಲ್ಲ. ಮೊದಲನೆಯವರ 47 ಲಕ್ಷ ಬಿದ್ದು 32.9 ಆಯಿತು. ಅದರಲ್ಲಿ 3 ತೆಗೆದು ಶೇ. 10 ಸೇರಿಸಿದರೆ ಮತ್ತೆ ಸುಮಾರು 32.9. ಇನ್ನೊಮ್ಮೆ 3 ತೆಗೆದು ಶೇ. 40 ಸೇರಿಸಿದರೆ 41.8 ಲಕ್ಷ. ಎರಡನೆಯವರ 47 ಲಕ್ಷ ಏರಿ 65.8 ಆಯಿತು, ಆಮೇಲೆ 69.1, ಕೊನೆಗೆ ಬಿದ್ದರೂ 46.3 ಲಕ್ಷ ಉಳಿಯಿತು. ಇಬ್ಬರೂ ತೆಗೆದದ್ದು ಒಂಬತ್ತೊಂಬತ್ತು ಲಕ್ಷ. ಸರಾಸರಿ ಗಳಿಕೆಯೂ ಒಂದೇ. ಆದರೂ ನಾಲ್ಕೂವರೆ ಲಕ್ಷದಷ್ಟು ವ್ಯತ್ಯಾಸ. ಅದೂ ಮೂರೇ ವರ್ಷದಲ್ಲಿ.

ಅದೇ ಮೂರು ವರ್ಷ ಇಬ್ಬರು ಹುಡುಗರು ವರ್ಷಕ್ಕೆ 3 ಲಕ್ಷದಂತೆ ಹಾಕುತ್ತಾ ಹೋದರೆ ಏನಾಗುತ್ತದೆ ನೋಡಿ. ಕೆಟ್ಟ ವರ್ಷ ಮೊದಲು ಬಂದವನ ಹತ್ತಿರ 12 ಲಕ್ಷ ಇರುತ್ತದೆ. ಕೆಟ್ಟ ವರ್ಷ ಕೊನೆಗೆ ಬಂದವನ ಹತ್ತಿರ 7.6 ಲಕ್ಷ. ಪೂರ್ತಿ ಉಲ್ಟಾ. ಕೂಡಿಡುವವನಿಗೆ ಶುರುವಿನ ಕುಸಿತ ವರ, ಏಕೆಂದರೆ ಬೀಳುವುದು ಅವನ ಪುಟ್ಟ ಗಂಟು, ಮುಂದೆ ಕೊಳ್ಳುವುದೆಲ್ಲ ಅಗ್ಗಕ್ಕೆ. ನಿವೃತ್ತರಿಗೆ ಶುರುವಿನಲ್ಲೇ ಇರುವುದು ಜೀವಮಾನದ ಅತಿ ದೊಡ್ಡ ಗಂಟು. ಅದು ಬಿದ್ದಾಗಲೇ ಮಾರಬೇಕು. ಹಾಗಾಗಿ ನಿವೃತ್ತಿಯ ಮೊದಲ ಐದಾರು ವರ್ಷ ತುಂಬಾ ನಾಜೂಕಿನ ಕಾಲ.

ನನಗೆ ಇದು ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮ ದೂರದ ಸಂಬಂಧಿಕರೊಬ್ಬರು 2007ರ ಕೊನೆಯಲ್ಲಿ ನಿವೃತ್ತರಾದರು. ಬಂದ 20 ಲಕ್ಷವನ್ನೂ ಷೇರಿನಲ್ಲಿ ದುಡ್ಡು ಹಾಕುವ ಒಂದೇ ಈಕ್ವಿಟಿ ಫಂಡ್‌ಗೆ ಹಾಕಿಸಿ ತಿಂಗಳಿಗೆ 15,000 ಬರುವಂತೆ ಮಾಡಿಕೊಟ್ಟರು ಒಬ್ಬ ಏಜೆಂಟ್. ವರ್ಷಕ್ಕೆ ಶೇ. 9. ಫಂಡ್ ಶೇ. 15 ಕೊಡುತ್ತದೆ, ನೀವು 9 ತೆಗೆಯಿರಿ, 6 ಬೆಳೆಯುತ್ತಾ ಇರುತ್ತದೆ ಎಂದು ವಿವರಣೆ. 2008ರ ಜನವರಿಯಲ್ಲಿ 21,000 ಮುಟ್ಟಿದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,200ರ ಹತ್ತಿರ ಇತ್ತು. 20 ರೂಪಾಯಿ ಎನ್‌ಎವಿ 8ಕ್ಕೆ ಇಳಿದರೆ, 15,000ಕ್ಕೆ ಮೊದಲು 750 ಯೂನಿಟ್ ಮಾರಿದರೆ ಸಾಕಾಗಿದ್ದ ಕಡೆ 1,875 ಯೂನಿಟ್ ಮಾರಬೇಕು. ಅವರು 15 ತಿಂಗಳು ತಡೆದುಕೊಂಡರು. ಆಮೇಲೆ ಹೆದರಿ ಉಳಿದದ್ದನ್ನೆಲ್ಲ ಆ ಮಾರ್ಚ್‌ನಲ್ಲೇ ಮಾರಿ ಬ್ಯಾಂಕಿಗೆ ಹಾಕಿದರು. 2010ರ ನವೆಂಬರ್‌ನಲ್ಲಿ ಸೆನ್ಸೆಕ್ಸ್ ಮತ್ತೆ 21,000ಕ್ಕೆ ಬಂತು. ಅವರ ಹತ್ತಿರ ಆಗ ಒಂದು ಯೂನಿಟ್ಟೂ ಇರಲಿಲ್ಲ. ಮಾರುಕಟ್ಟೆ ವಾಪಸ್ ಬಂದರೂ ನನ್ನ ದುಡ್ಡು ಯಾಕೆ ಬರಲಿಲ್ಲ ಎಂದು ಅವರು ಆಗ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ನಾನು ಈ ಲೆಕ್ಕದ ಬೆನ್ನು ಹತ್ತಿದೆ.

ಹಾಗಾದರೆ ಎಸ್‌ಡಬ್ಲ್ಯೂಪಿ ಬೇಡವೇ? ಬೇಕು. ಆದರೆ ಯಾವ ಫಂಡ್‌ನಿಂದ, ಎಷ್ಟು, ಉಳಿದ ದುಡ್ಡು ಎಲ್ಲಿ ಇಟ್ಟುಕೊಂಡು, ಈ ಮೂರಕ್ಕೆ ಉತ್ತರ ಇರಬೇಕು. ಮತ್ತೆ ಅಡಿಕೆಗೆ ಬರೋಣ. ಜಾಣ ಬೆಳೆಗಾರರು ಏನು ಮಾಡುತ್ತಾರೆ? ಧಾರಣೆ ಚೆನ್ನಾಗಿದ್ದಾಗ ಒಂದಷ್ಟು ಮಾರಿ ಕೈಯಲ್ಲಿ ದುಡ್ಡು ಇಟ್ಟುಕೊಳ್ಳುತ್ತಾರೆ. ಧಾರಣೆ ಬಿದ್ದ ವರ್ಷ ಆ ದುಡ್ಡಿನಲ್ಲಿ ಮನೆ ನಡೆಸುತ್ತಾರೆ, ಅಡಿಕೆ ಚೀಲ ಮುಟ್ಟುವುದಿಲ್ಲ. ಅಷ್ಟೇ ಉಪಾಯ.

ನನಗೆ ಪರಿಚಯದ ಒಂದು ದಂಪತಿಯ ಲೆಕ್ಕವನ್ನು ಅವರ ಒಪ್ಪಿಗೆ ಪಡೆದು ಹೇಳುತ್ತೇನೆ. ಯಜಮಾನರು ಖಾಸಗಿ ಕಾರ್ಖಾನೆಯಲ್ಲಿ ಇದ್ದವರು. ಪಿಎಫ್, ಗ್ರಾಚ್ಯುಟಿ, ಉಳಿತಾಯ ಸೇರಿ 60 ಲಕ್ಷ. ಸ್ವಂತ ಮನೆ ಇದೆ. ಇಪಿಎಸ್ ಪಿಂಚಣಿ ಮೂರು ಸಾವಿರ ಚಿಲ್ಲರೆ, ಅದು ಔಷಧಿಗೆ ಸರಿಹೋಗುತ್ತದೆ. ಅದು ಬಿಟ್ಟು ತಿಂಗಳಿಗೆ 30,000 ಬೇಕು.

ಮೊದಲು 20 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರು. ಶೇ. 8.2ರಂತೆ ಮೂರು ತಿಂಗಳಿಗೆ 41,000, ಅಂದರೆ ತಿಂಗಳಿಗೆ 13,700 ಹತ್ತಿರ. ಇಟ್ಟ ದಿನದ ಬಡ್ಡಿ ದರವೇ ಐದು ವರ್ಷ ನಡೆಯುತ್ತದೆ. ಮಾರುಕಟ್ಟೆ ಏನಾದರೂ ಆಗಲಿ, ಈ ದುಡ್ಡು ಬರುತ್ತದೆ. ಇನ್ನೂ 16,500ರ ಹತ್ತಿರ ಬೇಕು. ವರ್ಷಕ್ಕೆ 2 ಲಕ್ಷ.

ಆಸ್ಪತ್ರೆ ಖರ್ಚಿಗೆ 4 ಲಕ್ಷ ಬ್ಯಾಂಕಿನಲ್ಲಿ ಬೇರೆ ಇಟ್ಟರು. ಮೂರು ವರ್ಷಕ್ಕೆ ಬೇಕಾಗುವ 6 ಲಕ್ಷವನ್ನು ಸಾಲಪತ್ರಗಳಲ್ಲಿ ದುಡ್ಡು ಹಾಕುವ ಕಡಿಮೆ ಅವಧಿಯ ಡೆಟ್ ಫಂಡ್‌ಗೆ ಹಾಕಿದರು. ಉಳಿದ 30 ಲಕ್ಷ ಅಗ್ರೆಸಿವ್ ಹೈಬ್ರಿಡ್ ಫಂಡ್‌ನಲ್ಲಿ. ಅದರಲ್ಲಿ ಶೇ. 65ರಿಂದ 80ರಷ್ಟು ಷೇರು ಇರುತ್ತದೆ, ಉಳಿದದ್ದು ಸಾಲಪತ್ರ. ಎಸ್‌ಡಬ್ಲ್ಯೂಪಿ ಹಾಕಿದ್ದು ಡೆಟ್ ಫಂಡ್‌ಗೆ ಮಾತ್ರ, ತಿಂಗಳಿಗೆ 16,500. ಹೈಬ್ರಿಡ್ ಫಂಡ್‌ಗೆ ಎಸ್‌ಡಬ್ಲ್ಯೂಪಿ ಇಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ಕೂತು ನೋಡುತ್ತಾರೆ. ಹೈಬ್ರಿಡ್ ಫಂಡ್‌ನ ಎನ್‌ಎವಿ ಹಿಂದಿನ ಏಪ್ರಿಲ್‌ಗಿಂತ ಮೇಲಿದ್ದರೆ ಆ ವರ್ಷದ ಖರ್ಚಿನಷ್ಟನ್ನು ಅಲ್ಲಿಂದ ತೆಗೆದು ಡೆಟ್ ಫಂಡ್ ತುಂಬಿಸುತ್ತಾರೆ. ಕೆಳಗಿದ್ದರೆ ಆ ವರ್ಷ ಮುಟ್ಟುವುದಿಲ್ಲ. ಮೂರು ವರ್ಷದವರೆಗೆ ತಡೆಯುವ ಶಕ್ತಿ ಇದೆ.

ಡೆಟ್ ಫಂಡ್ ಅಂದರೆ ಪೂರ್ತಿ ಸುರಕ್ಷಿತ ಅಂತಲ್ಲ. 2020ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಕಂಪನಿ ತನ್ನ ಆರು ಡೆಟ್ ಫಂಡ್‌ಗಳನ್ನು ಒಂದೇ ದಿನ ಮುಚ್ಚುತ್ತೇವೆ ಎಂದು ಹೇಳಿತು. ಅವುಗಳಲ್ಲಿದ್ದ ಎಸ್‌ಡಬ್ಲ್ಯೂಪಿಗಳೂ ನಿಂತವು. ಆ ಫಂಡ್‌ಗಳಲ್ಲಿ ಬಹಳ ಮಟ್ಟಿಗೆ ಕಡಿಮೆ ದರ್ಜೆಯ ಸಾಲಪತ್ರಗಳಿದ್ದವು. ಅದಕ್ಕೇ ತಿಂಗಳ ಖರ್ಚಿನ ದುಡ್ಡನ್ನು ಇಡುವ ಫಂಡ್‌ನಲ್ಲಿ ಅರ್ಧ ಪರ್ಸೆಂಟ್ ಜಾಸ್ತಿ ಗಳಿಕೆ ಹುಡುಕಬೇಡಿ. ಸರ್ಕಾರಿ ಪತ್ರ, ಅತಿ ಮೇಲಿನ ಎಎಎ ದರ್ಜೆಯ ಪತ್ರ ಇರುವ ಫಂಡ್ ಸಾಕು. ಪ್ರತಿ ತಿಂಗಳು ಅವರು ಪ್ರಕಟಿಸುವ ಫ್ಯಾಕ್ಟ್ ಶೀಟ್‌ನಲ್ಲಿ ಇದು ಇರುತ್ತದೆ.

ಸಭೆಯ ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ಸಾರ್, ಎಸ್‌ಡಬ್ಲ್ಯೂಪಿಯಲ್ಲಿ ತೆರಿಗೆ ಬಹಳ ಕಮ್ಮಿ ಅಂತಾರಲ್ಲ? ನಿಜ, ಆದರೆ ಯಾಕೆ ಕಮ್ಮಿ ಅನ್ನುವುದನ್ನು ತಿಳಿದುಕೊಳ್ಳಿ. 100 ರೂಪಾಯಿಗೆ ಕೊಂಡ ಯೂನಿಟ್ ಈಗ 108 ಇದೆ. 15,000 ತೆಗೆದರೆ ಸುಮಾರು 139 ಯೂನಿಟ್ ಮಾರಾಟವಾಗುತ್ತದೆ. ಅದರಲ್ಲಿ 13,889 ನಿಮ್ಮದೇ ಅಸಲು, 1,111 ಮಾತ್ರ ಲಾಭ. ತೆರಿಗೆ ಬರುವುದು ಆ 1,111ಕ್ಕೆ ಮಾತ್ರ. ಬ್ಯಾಂಕ್ ಬಡ್ಡಿ 15,000 ಬಂದಿದ್ದರೆ ಪೂರ್ತಿ ಆದಾಯ. ಅಂದರೆ ತೆರಿಗೆ ಕಮ್ಮಿ ಆಗಿದ್ದು ಅಸಲು ತಿಂದದ್ದಕ್ಕೆ. ಏಜೆಂಟರು ಮೊದಲ ಅರ್ಧ ಹೇಳುತ್ತಾರೆ, ಎರಡನೇ ಅರ್ಧ ಬಿಡುತ್ತಾರೆ.

2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡ್ ಆದರೆ ಎಷ್ಟು ವರ್ಷ ಇಟ್ಟಿದ್ದರೂ ಲಾಭ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ಶೇ. 65 ಅಥವಾ ಅದಕ್ಕಿಂತ ಜಾಸ್ತಿ ಷೇರು ಇರುವ ಫಂಡ್ ಆದರೆ, ಒಂದು ವರ್ಷ ದಾಟಿದ ಮೇಲೆ ಮಾರಿದಾಗ ವರ್ಷದ ಲಾಭ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ. 12.5. ಒಂದು ವರ್ಷದೊಳಗೆ ಮಾರಿದರೆ ಶೇ. 20. ನಮ್ಮ ದಂಪತಿ ಹೈಬ್ರಿಡ್ ಫಂಡ್‌ನಿಂದ ವರ್ಷಕ್ಕೆ 2 ಲಕ್ಷ ತೆಗೆದರೆ ಅದರಲ್ಲಿ ಲಾಭದ ಪಾಲು ಶುರುವಿನ ವರ್ಷಗಳಲ್ಲಿ 1.25 ಲಕ್ಷ ಮುಟ್ಟುವುದೇ ಇಲ್ಲ.

ಇಲ್ಲೇ ಒಂದು ಸಾಮಾನ್ಯ ತಪ್ಪು ಆಗುತ್ತದೆ. ನಿವೃತ್ತಿ ದುಡ್ಡು ಈ ತಿಂಗಳು ಈಕ್ವಿಟಿ ಫಂಡ್‌ಗೆ ಹಾಕಿ, ಮುಂದಿನ ತಿಂಗಳಿಂದಲೇ ಅಲ್ಲಿಂದ ಎಸ್‌ಡಬ್ಲ್ಯೂಪಿ ಶುರು ಮಾಡುತ್ತಾರೆ. ಮೊದಲ ವರ್ಷದ ಪ್ರತಿ ಕಂತಿನ ಲಾಭಕ್ಕೂ ಆ ಶೇ. 20. ಜೊತೆಗೆ ಬಹಳಷ್ಟು ಫಂಡ್‌ಗಳಲ್ಲಿ ಬೇಗ ತೆಗೆದದ್ದಕ್ಕೆ ಶೇ. 1 ಎಕ್ಸಿಟ್ ಲೋಡ್ ಕಡಿತ. ಎಸ್‌ಐಪಿಗೆ ಎಂದೂ ಬಾರದ ತಲೆನೋವು ಇದು. ಮೊದಲ ವರ್ಷ ಡೆಟ್ ಫಂಡ್‌ನಿಂದ ತೆಗೆದರೆ ಇದು ಪೂರ್ತಿ ತಪ್ಪುತ್ತದೆ.

ಫಾರಂ ತುಂಬುವಾಗ, ಲಾಭವನ್ನು ಹಂಚದೆ ಫಂಡ್‌ನಲ್ಲೇ ಬೆಳೆಯಲು ಬಿಡುವ ಗ್ರೋತ್ ಆಯ್ಕೆಯನ್ನೇ ಹಾಕಿ. ತಾರೀಕು 1 ಅಂತ ಬರೆಯಬೇಡಿ. ಮಾರಾಟವಾಗಿ ದುಡ್ಡು ಖಾತೆಗೆ ಬರಲು ಎರಡು ಮೂರು ಕೆಲಸದ ದಿನ ಬೇಕು, ನಡುವೆ ರಜೆ ಬರಬಹುದು. 24, 25 ಹಾಕಿದರೆ ಒಂದನೇ ತಾರೀಕಿಗೆ ಕೈಯಲ್ಲಿ ಇರುತ್ತದೆ. ಫೋಲಿಯೊ, ಅಂದರೆ ಫಂಡ್‌ನಲ್ಲಿರುವ ನಿಮ್ಮ ಖಾತೆ, ಗಂಡ ಹೆಂಡತಿ ಇಬ್ಬರ ಹೆಸರಲ್ಲಿ, ಇಬ್ಬರಲ್ಲಿ ಯಾರಾದರೊಬ್ಬರು ಸಹಿ ಮಾಡುವಂತೆ ಇರಲಿ. ಅಮ್ಮಂದಿರೇ, ಇದನ್ನು ನೀವೇ ಹಟ ಹಿಡಿದು ಮಾಡಿಸಿ.

ಇನ್ನು ಒಂದು ದೊಡ್ಡ ವಿಷಯ ಉಳಿದಿದೆ, ಬೆಲೆ ಏರಿಕೆ. ಮೊಬೈಲಿನಲ್ಲಿ ಸಿಗುವ ಎಸ್‌ಡಬ್ಲ್ಯೂಪಿ ಕ್ಯಾಲ್ಕುಲೇಟರ್‌ಗಳು ಸಾಮಾನ್ಯವಾಗಿ ಮೂರೇ ಪ್ರಶ್ನೆ ಕೇಳುತ್ತವೆ: ಎಷ್ಟು ದುಡ್ಡು ಇದೆ, ತಿಂಗಳಿಗೆ ಎಷ್ಟು ತೆಗೆಯುತ್ತೀರಿ, ಗಳಿಕೆ ಎಷ್ಟು. ನಮ್ಮ ದಂಪತಿಯ ಡೆಟ್ ಮತ್ತು ಹೈಬ್ರಿಡ್ ಸೇರಿದ 36 ಲಕ್ಷ, ತಿಂಗಳಿಗೆ 16,500, ಗಳಿಕೆ ಶೇ. 9 ಎಂದು ಹಾಕಿದರೆ ದುಡ್ಡು ಎಂದೂ ಮುಗಿಯುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ನೋಡಲು ಬಲು ಚೆಂದ.

ನಾನು ಅದೇ ಲೆಕ್ಕವನ್ನು ಕೈಯಲ್ಲಿ ಹಾಕಿದೆ, ಮನೆ ಖರ್ಚು ವರ್ಷಕ್ಕೆ ಶೇ. 6 ಏರುತ್ತದೆ ಎಂದು ಇಟ್ಟುಕೊಂಡು. ಅಂಚೆ ಕಚೇರಿಯ ಬಡ್ಡಿ ಮುಂದೆಯೂ ಅಷ್ಟೇ ಇರುತ್ತದೆ ಅನ್ನೋಣ, ಹಾಗಾಗಿ ಏರಿದ ಖರ್ಚೆಲ್ಲ ಎಸ್‌ಡಬ್ಲ್ಯೂಪಿಯ ಮೇಲೇ ಬೀಳುತ್ತದೆ. ಎರಡನೇ ವರ್ಷ 18,000 ಬೇಕು. ಹತ್ತನೇ ವರ್ಷ 37,000. ಹದಿನೈದನೇ ವರ್ಷ 54,000. ಆರು ವರ್ಷದವರೆಗೆ ಗಂಟು ಬೆಳೆಯುತ್ತದೆ, ಆಮೇಲೆ ಕರಗಲು ಶುರು. ಹತ್ತೊಂಬತ್ತನೇ ವರ್ಷ ಮುಗಿಯುವಷ್ಟರಲ್ಲಿ 36 ಲಕ್ಷವೂ ಖಾಲಿ. ಆಗ ಉಳಿಯುವುದು ಅಂಚೆ ಕಚೇರಿಯ 20 ಲಕ್ಷ, ಆಸ್ಪತ್ರೆಗೆ ಮುಟ್ಟದೆ ಇದ್ದರೆ ಆ 4 ಲಕ್ಷ, ಮತ್ತು ಮನೆ.

ಈ ಲೆಕ್ಕ ತೋರಿಸಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆಕೆ, ಮೇಲಿನ ಕೋಣೆ ಬಾಡಿಗೆಗೆ ಕೊಟ್ಟರೆ ಎಷ್ಟು ದಿನ ಜಾಸ್ತಿ ಬರುತ್ತದೆ ಎಂದು ಕೇಳಿದರು. ತಿಂಗಳಿಗೆ 5,000 ಬಂದು, ಅಷ್ಟು ಕಮ್ಮಿ ತೆಗೆದರೆ ಐದಾರು ವರ್ಷಕ್ಕಿಂತ ಜಾಸ್ತಿಯೇ ಮುಂದಕ್ಕೆ ಹೋಗುತ್ತದೆ. ಬಾಡಿಗೆಯೂ ಖರ್ಚಿನಂತೆ ಏರುತ್ತಾ ಹೋಗಬೇಕು ಅಷ್ಟೇ. ಅಮೆರಿಕದಲ್ಲಿ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರ 1994ರಲ್ಲಿ ಅಲ್ಲಿನ ಹಳೆಯ ಮಾರುಕಟ್ಟೆ ಅಂಕಿಗಳನ್ನು ಇಟ್ಟುಕೊಂಡು, ಮೊದಲ ವರ್ಷ ಶೇ. 4 ತೆಗೆದು ಆಮೇಲೆ ಬೆಲೆ ಏರಿದಷ್ಟು ಏರಿಸಿಕೊಂಡು ಹೋದರೆ 30 ವರ್ಷ ಬಾಳುತ್ತದೆ ಎಂದು ತೋರಿಸಿದ. ಅದು ಅಲ್ಲಿನ ಷೇರು, ಅಲ್ಲಿನ ಬೆಲೆ ಏರಿಕೆ. ನಮ್ಮಲ್ಲಿ ಅದನ್ನೇ ನಂಬಿ ಕೂರಲು ಆಗುವುದಿಲ್ಲ. ಆದರೆ ಅಂಥ ಲೆಕ್ಕದಲ್ಲೇ 4 ಬಂದಿರುವಾಗ, ಶುರುವಿನಲ್ಲೇ ಶೇ. 8, 9 ತೆಗೆಯಿರಿ ಎಂದು ಯಾರಾದರೂ ಹೇಳಿದರೆ ಅವರ ಕಾಗದ ವಾಪಸ್ ಕೊಟ್ಟುಬಿಡಿ.

ಕೊನೆಯದಾಗಿ, ದಾರಿ ತಪ್ಪುತ್ತಿದೆ ಎಂದು ಗೊತ್ತಾಗುವುದು ಹೇಗೆ? ಸ್ಟೇಟ್‌ಮೆಂಟ್‌ನಲ್ಲಿ ರೂಪಾಯಿ ಮೊತ್ತ ನೋಡಿದರೆ ಗೊತ್ತಾಗುವುದಿಲ್ಲ. ಮಾರುಕಟ್ಟೆ ಏರಿದ ವರ್ಷ ಅದು ಚೆನ್ನಾಗಿಯೇ ಕಾಣುತ್ತದೆ. ಯೂನಿಟ್ ನೋಡಿ. ಉಳಿದ ಯೂನಿಟ್ ಎಷ್ಟು, ಹೋದ ತಿಂಗಳ ಕಂತಿಗೆ ಎಷ್ಟು ಯೂನಿಟ್ ಹೋಯಿತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 6,000 ಯೂನಿಟ್ ಇದೆ, ತಿಂಗಳಿಗೆ 50 ಹೋಗುತ್ತಿದೆ ಅಂದರೆ ಎನ್‌ಎವಿ ಅಲುಗಾಡದೆ ಇದ್ದರೂ 120 ತಿಂಗಳು ಇದೆ. ಹೋದ ವರ್ಷ ಈ ಸಂಖ್ಯೆ 150 ಇದ್ದು ಈ ವರ್ಷ 120 ಆಗಿದ್ದರೆ, 12 ತಿಂಗಳಲ್ಲಿ 30 ತಿಂಗಳ ದುಡ್ಡು ಕರಗಿದೆ ಅಂತ. ಆಗಲೇ ಕಂತು ಇಳಿಸಬೇಕು, ಇಲ್ಲವೇ ಬೇರೆ ಕಡೆಯಿಂದ ಖರ್ಚು ತೂಗಿಸಬೇಕು. ಎಸ್‌ಡಬ್ಲ್ಯೂಪಿ ಮೊತ್ತ ಬದಲಿಸಲು ಹಳೆಯದನ್ನು ರದ್ದು ಮಾಡಿ ಹೊಸದು ಕೊಡಬೇಕಾಗಬಹುದು. ಅದಕ್ಕೆ ಮುಂದಿನ ಕಂತಿಗೆ ಹತ್ತು ಹದಿನೈದು ದಿನ ಮೊದಲೇ ಅರ್ಜಿ ಕೊಡಿ.

ಆ ದಂಪತಿ ಈಗ ನಾಲ್ಕನೇ ವರ್ಷದಲ್ಲಿದ್ದಾರೆ. ಒಂದು ಏಪ್ರಿಲ್‌ನಲ್ಲಿ ಹೈಬ್ರಿಡ್ ಫಂಡ್ ಕೆಳಗಿತ್ತು, ಆ ವರ್ಷ ಮುಟ್ಟಲಿಲ್ಲ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಆಕೆ ವರ್ಷಕ್ಕೊಂದು ಸಾಲಿನಂತೆ ಬರೆದಿಟ್ಟಿದ್ದಾರೆ: ತಾರೀಕು, ಎರಡೂ ಫಂಡ್‌ಗಳ ಯೂನಿಟ್, ಇನ್ನೆಷ್ಟು ತಿಂಗಳು. ಈಗ ಪ್ರಶ್ನೆ ಕೇಳಿ. ಸ್ಟೇಟ್‌ಮೆಂಟ್ ತಂದವರು ಮುಂದೆ ಬನ್ನಿ, ನಿಮ್ಮ ಯೂನಿಟ್‌ನ ಲೆಕ್ಕ ಇಲ್ಲೇ ಮಾಡೋಣ.